ಹೆರಿಗೆ ರಜೆಯಲ್ಲಿ ಇರುವಾಗ ರಾಜೀನಾಮೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸಂಬಳದ ಲೆಕ್ಕ ಮತ್ತು ಕೆಲಸ ಬಿಟ್ಟವರ ಸೆಟಲ್‌ಮೆಂಟ್ ನೋಡುವ ಕೆಲಸ ನನ್ನದು. ಹಾಗಾಗಿ ಹೆರಿಗೆ ರಜೆಯಲ್ಲಿರುವ ಹೆಣ್ಣುಮಕ್ಕಳು ಮೇಲೆ ಮೇಲೆ ಕೇಳುವ ಪ್ರಶ್ನೆಗಳು ಯಾವುವು ಅಂತ ಗೊತ್ತು. ಅವನ್ನು ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಉತ್ತರಗಳು ಭಾರತದ ಖಾಸಗಿ ಕಂಪನಿ, ಕಾರ್ಖಾನೆ, ಅಂಗಡಿ, ಶಾಲೆಗಳಲ್ಲಿ ಕೆಲಸ ಮಾಡುವವರಿಗೆ. ಸರ್ಕಾರಿ ನೌಕರರಿಗೆ ಬೇರೆ ಸೇವಾ ನಿಯಮಗಳಿವೆ, ಅವರು ಅದನ್ನೇ ನೋಡಬೇಕು.

## ಮೊದಲ ಗೊಂದಲಗಳು

ರಜೆಯಲ್ಲಿ ಇರುವಾಗಲೇ ರಾಜೀನಾಮೆ ಕೊಡಬಹುದಾ? ವಾಪಸ್ ಹೋಗಿ ಒಂದು ದಿನವಾದರೂ ಕೆಲಸ ಮಾಡಲೇಬೇಕಾ?

ಕೊಡಬಹುದು. ರಜೆ ಮುಗಿದ ಮೇಲೆ ಕೆಲಸಕ್ಕೆ ಮರಳಲೇಬೇಕು ಎಂಬ ಷರತ್ತು ಕಾನೂನಿನಲ್ಲಿ ಇಲ್ಲ. ಹೆರಿಗೆ ಭತ್ಯೆಗೆ ಇರುವ ಮುಖ್ಯ ಷರತ್ತು ಒಂದೇ: ಹೆರಿಗೆಯ ನಿರೀಕ್ಷಿತ ದಿನಾಂಕಕ್ಕೆ ಹಿಂದಿನ 12 ತಿಂಗಳಲ್ಲಿ ಕನಿಷ್ಠ 80 ದಿನ ಆ ಮಾಲೀಕರ ಹತ್ತಿರ ಕೆಲಸ ಮಾಡಿರಬೇಕು. ಅದು ಹಿಂದೆ ಮಾಡಿದ ಕೆಲಸದ ಲೆಕ್ಕ. ಮುಂದೆ ಕೆಲಸ ಮಾಡುತ್ತೀರಾ ಇಲ್ಲವಾ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಇಷ್ಟು ವರ್ಷ ಈ ನಿಯಮಗಳು 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿದ್ದವು. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ 2020 ಜಾರಿಯಾಗಿದೆ. ಕಾಯ್ದೆಯ ಹೆಸರು ಬದಲಾಯಿತು. 80 ದಿನದ ಷರತ್ತು ಹಾಗೇ ಇದೆ. ಮೊದಲ ಎರಡು ಮಕ್ಕಳಿಗೆ 26 ವಾರ, ಈಗಾಗಲೇ ಎರಡು ಮಕ್ಕಳಿದ್ದರೆ 12 ವಾರ ಎಂಬುದೂ ಹಾಗೇ ಇದೆ.

ರಾಜೀನಾಮೆ ಕೊಟ್ಟರೆ ಇಲ್ಲಿವರೆಗೆ ಕೊಟ್ಟ ಹಣ ವಾಪಸ್ ಕೇಳ್ತಾರಂತೆ, ನಿಜನಾ?

ಕೇಳುವವರು ಇದ್ದಾರೆ. ಕೊಡಬೇಕಾಗಿಲ್ಲ. "ಹೆರಿಗೆ ರಜೆ ಮುಗಿದ ಮೇಲೆ ಇಷ್ಟು ತಿಂಗಳು ಕೆಲಸ ಮಾಡದಿದ್ದರೆ ರಜೆಯ ಸಂಬಳ ಹಿಂದಿರುಗಿಸಬೇಕು" ಎಂಬ ಸಾಲು ಕೆಲವು ನೇಮಕಾತಿ ಪತ್ರಗಳಲ್ಲಿ ಇರುತ್ತದೆ. ನೀವು ಅದಕ್ಕೆ ಸಹಿಯನ್ನೂ ಹಾಕಿರಬಹುದು. ಆದರೆ ಕಾನೂನು ಕೊಟ್ಟಿರುವುದಕ್ಕಿಂತ ಕಡಿಮೆ ಕೊಡುವ ಒಪ್ಪಂದ ಇದ್ದರೆ ಕಾನೂನಿನ ಮಾತೇ ಮೇಲು. ಒಪ್ಪಂದದಲ್ಲಿ ಜಾಸ್ತಿ ಕೊಟ್ಟಿದ್ದರೆ ಆ ಜಾಸ್ತಿ ನಿಮಗೆ ಸಿಗುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಕಂಪನಿ ಕಾನೂನಿನ 26 ವಾರದ ಮೇಲೆ ತಾನಾಗಿ ಇನ್ನೊಂದಿಷ್ಟು ವಾರ ಸಂಬಳದ ರಜೆ ಕೊಟ್ಟಿದ್ದು, ಅದಕ್ಕೆ ಮಾತ್ರ ಮರಳಿ ಬರಬೇಕು ಎಂಬ ಷರತ್ತು ಹಾಕಿದ್ದರೆ ಆ ಹೆಚ್ಚುವರಿ ಭಾಗದ ಮಾತು ಬೇರೆ. ಅದು ಕಂಪನಿಯ ಪಾಲಿಸಿ ಪ್ರಕಾರ ನಡೆಯುತ್ತದೆ. ಅದಕ್ಕೇ ಎರಡನ್ನೂ ಬೇರೆ ಬೇರೆ ಬರೆದು ತೋರಿಸಿ ಎಂದು ಮೊದಲೇ ಕೇಳಿ.

ಇನ್ನೂ ಎರಡು ತಿಂಗಳ ರಜೆ ಬಾಕಿ ಇದೆ. ಈಗ ರಾಜೀನಾಮೆ ಕೊಟ್ಟರೆ ಆ ಎರಡು ತಿಂಗಳ ಹಣ ಹೋಗುತ್ತಾ?

ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಸಮಯ ಇದ್ದರೆ ಇದನ್ನೇ ಓದಿ.

ರಾಜೀನಾಮೆ ಪತ್ರ ಕೊಡುವ ದಿನ ಒಂದು, ಕೆಲಸ ಮುಗಿಯುವ ದಿನ ಇನ್ನೊಂದು. ಹಣವನ್ನು ತೀರ್ಮಾನಿಸುವುದು ಎರಡನೆಯದು. ಕೆಲಸದ ಕೊನೆಯ ದಿನದವರೆಗೆ ನೀವು ಕಂಪನಿಯ ಉದ್ಯೋಗಿ. ಅಲ್ಲಿಯವರೆಗಿನ ಭತ್ಯೆಯ ಬಗ್ಗೆ ತಕರಾರೇ ಇಲ್ಲ. ಅದರ ಮುಂದಿನ ದಿನಗಳದ್ದೇ ತೊಡಕು. ಗರ್ಭಿಣಿಯನ್ನು ಅಥವಾ ರಜೆಯಲ್ಲಿರುವ ಬಾಣಂತಿಯನ್ನು ಕಂಪನಿಯೇ ತೆಗೆದರೆ ಏನು ಎಂದು ಕಾನೂನು ಬಿಡಿಸಿ ಹೇಳಿದೆ. ಆಕೆ ತಾನಾಗಿ ಬಿಟ್ಟರೆ ಉಳಿದ ವಾರಗಳ ಗತಿಯೇನು ಎಂದು ಅಷ್ಟು ಬಿಡಿಸಿ ಹೇಳಿಲ್ಲ. ಆ ಸಂದಿಯಲ್ಲಿ ಹಣ ಸಿಕ್ಕಿಹಾಕಿಕೊಳ್ಳುತ್ತದೆ.

ಒಂದು ಲೆಕ್ಕ ನೋಡೋಣ. ಒಬ್ಬಾಕೆಯ ರಜೆ 2026ರ ಜನವರಿ 5ಕ್ಕೆ ಶುರುವಾಯಿತು ಎಂದುಕೊಳ್ಳಿ. 26 ವಾರ ಅಂದರೆ 182 ದಿನ, ಜುಲೈ 5ಕ್ಕೆ ಮುಗಿಯುತ್ತದೆ. ಭತ್ಯೆಯನ್ನು ದಿನದ ಸರಾಸರಿ ಸಂಬಳದ ಮೇಲೆ ಹಾಕುತ್ತಾರೆ. ರಜೆ ಶುರುವಾಗುವ ಹಿಂದಿನ ಮೂರು ತಿಂಗಳು, ಅಂದರೆ ಇಲ್ಲಿ ಅಕ್ಟೋಬರ್, ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ ಕೆಲಸ ಮಾಡಿದ ದಿನಗಳ ಸಂಬಳ ಅದಕ್ಕೆ ಆಧಾರ. ಆಕೆಯ ಸರಾಸರಿ ದಿನಕ್ಕೆ ₹1,200 ಬಂತು ಎನ್ನೋಣ. ವಾರದ ರಜೆಯ ದಿನಗಳೂ ಲೆಕ್ಕಕ್ಕೆ ಸೇರುತ್ತವೆ. 1977ರಲ್ಲೇ ಸುಪ್ರೀಂ ಕೋರ್ಟ್ ಹಾಗೆ ಹೇಳಿದೆ. ಒಟ್ಟು 182 ದಿನಕ್ಕೆ ₹2,18,400.

ಆಕೆ ಮೇ 6ರಂದು "ಇಂದಿನಿಂದಲೇ ಕೆಲಸ ಬಿಡುತ್ತಿದ್ದೇನೆ" ಎಂದು ಬರೆದರೆ ಆವತ್ತಿಗೆ 122 ದಿನ ಆಗಿರುತ್ತದೆ, ₹1,46,400. ಉಳಿದ 60 ದಿನದ ₹72,000 ಕೊಡುವುದಿಲ್ಲ ಎಂದು ಕಂಪನಿ ಕೂರಬಹುದು. ಅದೇ ಮೇ 6ರಂದು "ಜುಲೈ 5 ನನ್ನ ಕೆಲಸದ ಕೊನೆಯ ದಿನ" ಎಂದು ಬರೆದರೆ ಆ ಜಗಳವೇ ಹುಟ್ಟುವುದಿಲ್ಲ. ಒಂದೇ ದಿನ ಕೊಟ್ಟ ಪತ್ರ, ವ್ಯತ್ಯಾಸ ಒಂದು ದಿನಾಂಕ.

ಈಗಾಗಲೇ ತಕ್ಷಣದ ರಾಜೀನಾಮೆ ಕೊಟ್ಟುಬಿಟ್ಟವರಿಗೂ ಒಂದು ಗಟ್ಟಿ ವಾದ ಇದೆ. ಹೆರಿಗೆಗೆ ಹಿಂದಿನ ಅವಧಿಯ ಭತ್ಯೆಯನ್ನು ಮುಂಗಡವಾಗಿ ಕೊಡಬೇಕು. ಹೆರಿಗೆಯಾದ ದಾಖಲೆ ಕೊಟ್ಟ 48 ಗಂಟೆಯೊಳಗೆ ಉಳಿದ ಅವಧಿಯದ್ದನ್ನು ಕೊಡಬೇಕು. ಕಾನೂನು ಹೇಳುವುದು ಹೀಗೆ. ತಿಂಗಳು ತಿಂಗಳು ಸಂಬಳದ ಹಾಗೆ ಹಾಕುವುದು ಕಂಪನಿಗಳು ಮಾಡಿಕೊಂಡ ಅನುಕೂಲ. ಅಂದರೆ ರಾಜೀನಾಮೆಗೆ ಎಷ್ಟೋ ಮೊದಲೇ ಆ ಹಣ ನಿಮ್ಮ ಕೈಗೆ ಬರಬೇಕಿತ್ತು. ಆದರೂ ನಾನು ಈ ವಾದವನ್ನು ಎರಡನೇ ದಾರಿ ಎಂದೇ ಇಟ್ಟುಕೊಳ್ಳಿ ಎನ್ನುತ್ತೇನೆ. ಹಸುಗೂಸು ಕೈಯಲ್ಲಿ ಇರುವಾಗ ವಾದಕ್ಕಿಂತ ಸರಿಯಾದ ದಿನಾಂಕ ಮೇಲು.

## ನೋಟಿಸ್ ಅವಧಿ

ನೋಟಿಸ್ ಪೀರಿಯಡ್ ರಜೆಯ ಒಳಗೇ ಮುಗಿಯುತ್ತಾ, ಅಥವಾ ರಜೆ ಮುಗಿದ ಮೇಲೆ ಶುರುವಾಗುತ್ತಾ?

ಹೆರಿಗೆ ಕಾನೂನು ನಿಮ್ಮ ನೋಟಿಸ್ ರಜೆಯೊಳಗೆ ಓಡಬಾರದು ಎಂದು ಎಲ್ಲೂ ಹೇಳಿಲ್ಲ. ರಜೆಯ ಸಮಯದಲ್ಲಿ ಮುಗಿಯುವಂತೆ ನೋಟಿಸ್ ಕೊಡಬಾರದು ಎಂಬ ನಿಷೇಧ ಇರುವುದು ಕಂಪನಿಯ ಮೇಲೆ. ನಿಮ್ಮ ವಿಷಯದಲ್ಲಿ ನೇಮಕಾತಿ ಪತ್ರ ಮತ್ತು ರಜೆ ಪಾಲಿಸಿ ಏನು ಹೇಳುತ್ತವೆ ಎಂಬುದೇ ಮುಖ್ಯ. ಬರೀ "60 ದಿನದ ನೋಟಿಸ್" ಅಂತಿದ್ದರೆ ರಜೆಯೊಳಗೇ ಕೊಡಿ. ಮೇಲಿನ ಲೆಕ್ಕದಲ್ಲಿ ಮೇ 6ರ ಪತ್ರಕ್ಕೆ 60 ದಿನ ಸರಿಯಾಗಿ ಜುಲೈ 5ಕ್ಕೆ ತುಂಬುತ್ತದೆ. ಆ ದಿನವನ್ನು ಆರಿಸಿದ್ದು ಸುಮ್ನೆ ಅಲ್ಲ. ರಜೆಯ ಕೊನೆಯ ದಿನದಿಂದ ಹಿಂದಕ್ಕೆ ಎಣಿಸಿದರೆ ಪತ್ರ ಕೊಡುವ ದಿನ ತಾನಾಗಿ ಸಿಗುತ್ತದೆ.

"ನೋಟಿಸ್ ಅವಧಿಯಲ್ಲಿ ರಜೆ ಇರುವಂತಿಲ್ಲ" ಎಂಬ ಸಾಲು ಇದ್ದರೆ ಕಂಪನಿ ಎರಡು ತಿಂಗಳ ನೋಟಿಸ್ ಪೇ ಕೇಳಬಹುದು. ಆಗ ರಾಜೀನಾಮೆಗೆ ಮೊದಲೇ ಎಚ್‌ಆರ್‌ಗೆ ಮೇಲ್ ಹಾಕಿ, ನೋಟಿಸ್ ಮನ್ನಾ ಮಾಡುತ್ತೀರಾ ಎಂದು ಕೇಳಿ. ಎಷ್ಟೋ ತಿಂಗಳಿಂದ ನಿಮ್ಮ ಕೆಲಸವನ್ನು ಬೇರೆಯವರೇ ನೋಡುತ್ತಿರುತ್ತಾರೆ. ಹಸ್ತಾಂತರ ಮಾಡಲು ಏನೂ ಉಳಿದಿರುವುದಿಲ್ಲ. ಹಾಗಾಗಿ ಒಪ್ಪುವ ಕಂಪನಿಗಳೇ ಜಾಸ್ತಿ. ಒಪ್ಪಿಗೆ ಮಾತ್ರ ಫೋನಿನಲ್ಲಿ ಬೇಡ, ಬರಹದಲ್ಲೇ ಇರಲಿ.

## ಪತ್ರದ ಮಾತು

ಪತ್ರದಲ್ಲಿ ಏನು ಬರೀಬೇಕು? ಈಗಾಗಲೇ ನನಗೆ ಬರಬೇಕಾದ ಹಣದ ಬಗ್ಗೆ ಹೇಗೆ ಹೇಳೋದು?

ಪತ್ರ ಚಿಕ್ಕದಾಗಿರಲಿ. ಮೂರು ಸಂಗತಿ ಬೇಕೇ ಬೇಕು: ಕೊನೆಯ ದಿನ, ಅಲ್ಲಿಯವರೆಗೆ ನೀವು ಹೆರಿಗೆ ರಜೆಯಲ್ಲೇ ಇರುತ್ತೀರಿ ಎಂಬ ಮಾತು, ಬರಬೇಕಾದ ಬಾಕಿಗಳನ್ನು ನೀವು ಬಿಟ್ಟುಕೊಟ್ಟಿಲ್ಲ ಎಂಬ ಮಾತು. ಮೇಲಿನ ದಿನಾಂಕಗಳನ್ನೇ ಹಾಕಿ ಒಂದು ನಮೂನೆ ಕೊಡುತ್ತೇನೆ.

> ವಿಷಯ: ರಾಜೀನಾಮೆ, ಕೆಲಸದ ಕೊನೆಯ ದಿನ 5 ಜುಲೈ 2026
>
> ಮಾನ್ಯರೇ,
>
> ನಾನು 5 ಜನವರಿ 2026ರಿಂದ 5 ಜುಲೈ 2026ರವರೆಗೆ ಮಂಜೂರಾದ ಹೆರಿಗೆ ರಜೆಯಲ್ಲಿದ್ದೇನೆ. ಈ ಪತ್ರದ ಮೂಲಕ ನನ್ನ ಹುದ್ದೆಗೆ ರಾಜೀನಾಮೆ ಸಲ್ಲಿಸುತ್ತಿದ್ದೇನೆ. ನನ್ನ ಕೆಲಸದ ಕೊನೆಯ ದಿನ 5 ಜುಲೈ 2026. ನೇಮಕಾತಿ ಪತ್ರದಲ್ಲಿರುವ 60 ದಿನದ ನೋಟಿಸ್ ಅವಧಿ ಆ ದಿನಕ್ಕೆ ಮುಗಿಯುತ್ತದೆ. ಅಲ್ಲಿಯವರೆಗೆ ನನ್ನ ಹೆರಿಗೆ ರಜೆ ಈಗಿರುವಂತೆಯೇ ಮುಂದುವರಿಯುತ್ತದೆ.
>
> ಈ ರಾಜೀನಾಮೆಯಿಂದ, ಕೊನೆಯ ದಿನದವರೆಗೆ ನನಗೆ ಸಲ್ಲಬೇಕಾದ ಯಾವ ಹಕ್ಕನ್ನೂ ನಾನು ಬಿಟ್ಟುಕೊಡುತ್ತಿಲ್ಲ. ಪೂರ್ತಿ ಅವಧಿಯ ಹೆರಿಗೆ ಭತ್ಯೆ, ಅನ್ವಯಿಸುವುದಾದರೆ ವೈದ್ಯಕೀಯ ಬೋನಸ್, ಉಳಿದ ಗಳಿಕೆ ರಜೆಯ ಹಣ, ಬೋನಸ್ ಮತ್ತು ಗ್ರಾಚ್ಯುಟಿ ಇದರಲ್ಲಿ ಸೇರಿವೆ. ಇವುಗಳ ಲೆಕ್ಕವನ್ನು ಬಾಬತ್ತುವಾರು ಬೇರೆ ಬೇರೆಯಾಗಿ ತೋರಿಸಿ ಕಳಿಸಬೇಕಾಗಿ ಕೋರುತ್ತೇನೆ.
>
> ದಯವಿಟ್ಟು ಈ ಪತ್ರ ತಲುಪಿದ್ದನ್ನೂ ಕೊನೆಯ ದಿನಾಂಕವನ್ನೂ ಉತ್ತರದಲ್ಲಿ ಖಚಿತಪಡಿಸಿ.

"ಅಲ್ಲಿಯವರೆಗೆ ನನ್ನ ಹೆರಿಗೆ ರಜೆ ಈಗಿರುವಂತೆಯೇ ಮುಂದುವರಿಯುತ್ತದೆ" ಎಂಬ ವಾಕ್ಯವನ್ನು ಬಿಡಬೇಡಿ. ಅದು ಇಲ್ಲದಿದ್ದರೆ ಪತ್ರ ಬಂದ ದಿನದಿಂದ ಸಿಸ್ಟಮ್‌ನಲ್ಲಿ ನಿಮ್ಮ ಹೆಸರಿನ ಮುಂದೆ "ನೋಟಿಸ್" ಎಂದು ಬೀಳುತ್ತದೆ. ಹಾಜರಾತಿ ಖಾಲಿ ಇದೆ ಎಂದು ಸಂಬಳವಿಲ್ಲದ ರಜೆ ಹತ್ತಿಬಿಡುತ್ತದೆ. ಯಾರೂ ಬೇಕೆಂದು ಮಾಡಿರುವುದಿಲ್ಲ, ಆದರೆ ಆ ತಿಂಗಳ ಸ್ಲಿಪ್‌ನಲ್ಲಿ ಸೊನ್ನೆ ಬಂದಿರುತ್ತದೆ.

ನಿಮಗೆ ಬರದಿರುವುದನ್ನು ಪಟ್ಟಿಗೆ ಸೇರಿಸಬೇಡಿ. ಗ್ರಾಚ್ಯುಟಿಗೆ ಬೇಕಾದ ಸೇವೆ ಆಗಿರದಿದ್ದರೆ ಆ ಪದ ತೆಗೆದುಹಾಕಿ. ಪತ್ರವನ್ನು ಕಚೇರಿಯ ಮೇಲ್ ಐಡಿಯಿಂದ ಮಾತ್ರ ಕಳಿಸಿದರೆ, ಕೊನೆಯ ದಿನದ ನಂತರ ಆ ಮೇಲ್ ನಿಮಗೆ ತೆರೆಯುವುದಿಲ್ಲ. ಸ್ವಂತ ಮೇಲ್‌ಗೂ ಒಂದು ಪ್ರತಿ ಹಾಕಿಕೊಳ್ಳಿ.

ಕಾರಣ ಬರೀಲೇಬೇಕಾ? ಮಗು ನೋಡಿಕೊಳ್ಳೋಕೆ ಅಂತ ಬರೆದರೆ ತೊಂದರೆನಾ?

ಬರೆಯಬೇಕಾಗಿಲ್ಲ. ಬರೆದರೂ ತೊಂದರೆ ಇಲ್ಲ. ಒಂದು ಎಚ್ಚರ ಮಾತ್ರ ಬೇಕು. ಒತ್ತಡದಿಂದ ಬಿಡುತ್ತಿದ್ದರೆ "ನನ್ನ ಸ್ವಂತ ಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ" ಎಂಬ ಸಾಲು ಬೇಡ. ಯಾರೋ ಕಳಿಸಿದ ನಮೂನೆಯಲ್ಲಿ ಅದು ಇದ್ದರೆ ಅಳಿಸಿ.

ಸೆಟಲ್‌ಮೆಂಟ್ ಕಾಗದದಲ್ಲಿ "ಇನ್ನು ಯಾವ ಬಾಕಿಯೂ ಇಲ್ಲ" ಅಂತಿದೆ. ಸಹಿ ಮಾಡಲಾ?

ಹಣ ಖಾತೆಗೆ ಬಂದು, ಲೆಕ್ಕ ತಾಳೆ ಆದ ಮೇಲೆ ಮಾಡಿ. ಸಹಿ ಮಾಡಿದರೆ ಮಾತ್ರ ಹಣ ಎಂದು ಕೂತರೆ ಸಹಿಯ ಪಕ್ಕದಲ್ಲಿ ಕೈಯಲ್ಲೇ ಬರೆಯಿರಿ: "ಮೇಲೆ ತೋರಿಸಿದ ಮೊತ್ತಕ್ಕೆ ಮಾತ್ರ. ಹೆರಿಗೆ ಭತ್ಯೆಯ ಬಾಕಿ ಇದರಲ್ಲಿ ಸೇರಿಲ್ಲ." ಆನ್‌ಲೈನ್‌ನಲ್ಲಿ ಬರೀ ಒಪ್ಪಿಗೆಯ ಬಟನ್ ಇದ್ದರೆ, ಒತ್ತುವ ಮೊದಲು ಇದೇ ಮಾತನ್ನು ಮೇಲ್‌ನಲ್ಲಿ ಕಳಿಸಿಡಿ.

## ಬೇರೆ ಬಾಬತ್ತುಗಳು

ಹೆರಿಗೆ ಭತ್ಯೆ ಬಿಟ್ಟು ಇನ್ನೇನೇನು ನನ್ನದು?

ಗ್ರಾಚ್ಯುಟಿಯಿಂದ ಶುರು ಮಾಡುತ್ತೇನೆ, ಏಕೆಂದರೆ ಜನ ಕಳೆದುಕೊಳ್ಳುವುದು ಅದನ್ನೇ. ಕಾಯಂ ನೌಕರರಿಗೆ ಐದು ವರ್ಷದ ನಿರಂತರ ಸೇವೆ ಬೇಕು. ಹೆರಿಗೆ ರಜೆಯ 26 ವಾರವೂ ಸೇವೆಯೇ. ನಾಲ್ಕೂವರೆ ವರ್ಷ ಆದಾಗ ರಜೆಗೆ ಹೋದವರು ರಜೆಯ ನಡುವೆ ಬಿಟ್ಟರೆ ಐದು ತುಂಬದೆ ಹೋಗಬಹುದು. ರಜೆಯ ಕೊನೆಯವರೆಗೆ ದಾಖಲೆಯಲ್ಲಿದ್ದರೆ ತುಂಬಬಹುದು. ಅದಕ್ಕೇ ಕೊನೆಯ ದಿನ ಬರೆಯುವ ಮೊದಲು ನೀವು ಸೇರಿದ ದಿನಾಂಕ ತೆಗೆದು ನೋಡಿ. ಒಂದೆರಡು ವಾರ ಕಡಿಮೆ ಬೀಳುತ್ತಿದ್ದರೆ ಗಳಿಕೆ ರಜೆ ಹಾಕಿ ಕೊನೆಯ ದಿನವನ್ನು ಮುಂದೂಡಲು ಕೇಳಿ.

ವಾರ್ಷಿಕ ಬೋನಸ್ ಕಾನೂನಿನ ವ್ಯಾಪ್ತಿಯಲ್ಲಿ ಇರುವವರಿಗೆ, ಸಂಬಳ ಸಹಿತ ಹೆರಿಗೆ ರಜೆಯ ದಿನಗಳನ್ನೂ ಕೆಲಸ ಮಾಡಿದ ದಿನಗಳೆಂದೇ ಎಣಿಸಬೇಕು. ಹೆರಿಗೆಗೆ ಮುಂಚಿನ ಮತ್ತು ನಂತರದ ಆರೈಕೆಯನ್ನು ಕಂಪನಿ ಉಚಿತವಾಗಿ ಕೊಡಿಸಿಲ್ಲದಿದ್ದರೆ ₹3,500 ವೈದ್ಯಕೀಯ ಬೋನಸ್ ಬರಬೇಕು. ಚಿಕ್ಕ ಮೊತ್ತ ಎಂದು ಎಷ್ಟೋ ಜನ ಕೇಳುವುದೇ ಇಲ್ಲ. ಗಳಿಕೆ ರಜೆಯ ಹಣ ಕಂಪನಿಯ ರಜೆ ನಿಯಮದಂತೆ ಸಿಗುತ್ತದೆ. ಪಿಎಫ್ ನಿಮ್ಮದೇ ಖಾತೆಯಲ್ಲಿದೆ. ಅಲ್ಲಿ ಕೆಲಸ ಬಿಟ್ಟ ದಿನಾಂಕ ಸರಿಯಾಗಿ ಬಿದ್ದಿದೆಯಾ ಎಂದಷ್ಟೇ ನೋಡಿಕೊಳ್ಳಿ.

ನನಗೆ ಇಎಸ್‌ಐ ಇದೆ. ಅದಕ್ಕೂ ಇದೇ ನಿಯಮನಾ?

ಇಲ್ಲ. ತಿಂಗಳಿಗೆ ₹21,000ವರೆಗೆ ಸಂಬಳ ಇರುವ, ಇಎಸ್‌ಐ ಅನ್ವಯಿಸುವ ಜಾಗದಲ್ಲಿ ಕೆಲಸ ಮಾಡುವವರಿಗೆ ಹೆರಿಗೆ ಭತ್ಯೆ ಕೊಡುವುದು ಕಂಪನಿಯಲ್ಲ, ಇಎಸ್‌ಐ ನಿಗಮ. ಅದಕ್ಕೆ ನೋಡುವುದು ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ ಕನಿಷ್ಠ 70 ದಿನದ ವಂತಿಗೆ ಕಟ್ಟಿದೆಯಾ ಎಂದು. ರಾಜೀನಾಮೆ ಪತ್ರ ಕೊಡುವ ಮೊದಲು ನಿಮ್ಮ ಶಾಖಾ ಕಚೇರಿಗೆ ಹೋಗಿ, ಉಳಿದ ಅವಧಿಯ ಹಣ ಯಾವಾಗ ಬರುತ್ತದೆ ಎಂದು ಕೇಳಿಕೊಂಡು ಬನ್ನಿ. ಬ್ಯಾಂಕ್ ಖಾತೆ ಬದಲಾಗುತ್ತಿದ್ದರೆ ಅದನ್ನೂ ಆಗಲೇ ಹೇಳಿ.

## ತೊಡಕಿನ ಸಂದರ್ಭಗಳು

ಬೇರೆ ಕಡೆ ಕೆಲಸ ಸಿಕ್ಕಿದೆ. ರಜೆ ಮುಗಿಯೋ ಮೊದಲೇ ಸೇರಿಬಿಡಲಾ?

ಸೇರಿದರೆ ಸೇರಿದ ದಿನದಿಂದ ಭತ್ಯೆ ನಿಲ್ಲುತ್ತದೆ. ರಜೆ ಪಡೆದು ಆ ಅವಧಿಯಲ್ಲಿ ಬೇರೆ ಕಡೆ ದುಡಿದರೆ ಅಷ್ಟು ದಿನದ ಹಕ್ಕು ಹೋಗುತ್ತದೆ ಎಂದು ಕಾನೂನಿನಲ್ಲೇ ಇದೆ. ಅದಕ್ಕೂ ಹಿಂದಿನ ದಿನಗಳದ್ದು ಹೋಗುವುದಿಲ್ಲ. ಎರಡೂ ಕಡೆ ಹಣ ಬಂದದ್ದು ಪಿಎಫ್ ಖಾತೆಯಲ್ಲಿ ಒಂದರ ಮೇಲೊಂದು ಬಿದ್ದ ದಿನಾಂಕಗಳಿಂದಲೇ ಗೊತ್ತಾಗುತ್ತದೆ. ಹೊಸ ಕಂಪನಿಗೆ ವಿಷಯ ತಿಳಿಸಿ, ಮೇಲಿನ ಉದಾಹರಣೆಯಾದರೆ ಜುಲೈ 6ಕ್ಕೆ ಸೇರುತ್ತೇನೆ ಎಂದು ಕೇಳಿ. ಹೆರಿಗೆಯಾದ ಮೊದಲ ಆರು ವಾರವಂತೂ ಕೆಲಸ ಮಾಡುವುದಕ್ಕೇ ನಿಷೇಧವಿದೆ.

ಎಚ್‌ಆರ್ ಅವರೇ ಫೋನ್ ಮಾಡಿ "ನೀವೇ ರಾಜೀನಾಮೆ ಕೊಟ್ಟುಬಿಡಿ, ರೆಕಾರ್ಡ್ ಚೆನ್ನಾಗಿರುತ್ತೆ" ಅಂತಿದ್ದಾರೆ. ಏನು ಮಾಡಲಿ?

ಕೊಡಬೇಡಿ. ಆ ಫೋನ್ ಬಂದ ದಿನ ಏನೂ ಸಹಿ ಮಾಡಬೇಡಿ. ನಿಮ್ಮನ್ನು ತೆಗೆಯಲು ಕಾನೂನು ಬಿಡುವುದಿಲ್ಲ, ಅದಕ್ಕೇ ನಿಮ್ಮ ಕೈಯಿಂದ ಬರೆಸಿಕೊಳ್ಳಲು ನೋಡುತ್ತಿದ್ದಾರೆ. ಹೆರಿಗೆ ರಜೆಯಲ್ಲಿ ಇರುವಾಗ ಕೆಲಸದಿಂದ ತೆಗೆಯುವುದು ಕಾನೂನುಬಾಹಿರ. ರಜೆಯಲ್ಲಿದ್ದೀರಿ ಎಂದು ಸಂಬಳ, ಹುದ್ದೆಯ ಷರತ್ತುಗಳನ್ನು ನಿಮಗೆ ನಷ್ಟವಾಗುವಂತೆ ಬದಲಾಯಿಸುವುದೂ ಹಾಗೇ. ಗರ್ಭಿಣಿಯಾಗಿದ್ದಾಗ ತೆಗೆದರೂ, ತೆಗೆಯದಿದ್ದರೆ ಸಿಗಬೇಕಿದ್ದ ಭತ್ಯೆ ಕೊಡಲೇಬೇಕು. ನೀವಾಗಿ ಬರೆದುಕೊಟ್ಟ ಕ್ಷಣದಲ್ಲಿ ಈ ರಕ್ಷಣೆಯ ಬಹುಪಾಲನ್ನು ನೀವೇ ಕಳಚಿ ಇಟ್ಟ ಹಾಗೆ.

ಫೋನ್ ಇಟ್ಟ ತಕ್ಷಣ ಒಂದು ಮೇಲ್ ಹಾಕಿ: "ಇಂದು ಮಧ್ಯಾಹ್ನ ಕರೆ ಮಾಡಿ ರಾಜೀನಾಮೆ ಕೊಡುವಂತೆ ಹೇಳಿದಿರಿ. ನನಗೆ ರಾಜೀನಾಮೆ ಕೊಡುವ ಉದ್ದೇಶವಿಲ್ಲ. ರಜೆ ಮುಗಿದ ಮೇಲೆ ಕೆಲಸಕ್ಕೆ ಹಾಜರಾಗುತ್ತೇನೆ." ಕರೆ ಮಾಡಿದವರ ಹೆಸರು, ಸಮಯ ಇರಲಿ. ಈ ಮೇಲ್‌ಗೆ ಉತ್ತರವೇ ಬರದೆ ವಿಷಯ ಅಲ್ಲಿಗೇ ತಣ್ಣಗಾಗುವುದು ಉಂಟು.

ರಾಜೀನಾಮೆ ಕೊಟ್ಟಾಯ್ತು. ಈಗ ಮನಸ್ಸು ಬದಲಾಗಿದೆ. ವಾಪಸ್ ತಗೊಳ್ಳಬಹುದಾ?

ಕೊನೆಯ ದಿನ ಇನ್ನೂ ಬಂದಿಲ್ಲದಿದ್ದರೆ ಅವಕಾಶವಿದೆ. ಮುಂದಿನ ದಿನಾಂಕಕ್ಕೆ ಕೊಟ್ಟ ರಾಜೀನಾಮೆಯನ್ನು ಆ ದಿನ ಬರುವ ಮೊದಲು ಹಿಂಪಡೆಯಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಭಾರತ್ ಅರ್ತ್ ಮೂವರ್ಸ್ ನೌಕರರೊಬ್ಬರ 2005ರ ಪ್ರಕರಣದಲ್ಲಿ ರಾಜೀನಾಮೆ ಅಂಗೀಕಾರ ಆಗಿದ್ದರೂ, ಕೊನೆಯ ದಿನಕ್ಕೆ ಮೊದಲು ಹಿಂಪಡೆದದ್ದು ಸರಿ ಎಂದು ತೀರ್ಪು ಬಂತು. ಅದು ಸಾರ್ವಜನಿಕ ಉದ್ದಿಮೆ. ಖಾಸಗಿ ಕಂಪನಿಯಲ್ಲಿ ನೇಮಕಾತಿ ಪತ್ರದ ಷರತ್ತೂ ಅಡ್ಡ ಬರಬಹುದು. ಏನೇ ಇರಲಿ, ತಡ ಮಾಡದೆ ಬರೆಯಿರಿ. "ತಕ್ಷಣದಿಂದ" ಎಂದು ಬರೆದವರಿಗೆ ಈ ಬಾಗಿಲು ಇರುವುದಿಲ್ಲ.

ಕೊನೆಯ ದಿನ ಕಳೆದು ವಾರಗಳಾದವು, ಹಣ ಬಂದಿಲ್ಲ. ಎಲ್ಲಿಗೆ ಹೋಗಲಿ?

ವೇತನ ಸಂಹಿತೆಯ ಪ್ರಕಾರ ರಾಜೀನಾಮೆ ಕೊಟ್ಟವರ ಸಂಬಳದ ಬಾಕಿಯನ್ನು ಎರಡು ಕೆಲಸದ ದಿನಗಳಲ್ಲಿ ಕೊಡಬೇಕು. ಗ್ರಾಚ್ಯುಟಿಗೆ 30 ದಿನದ ಗಡುವು ಇದೆ. ಮೊದಲು ಕಂಪನಿಗೆ ಒಂದು ಲಿಖಿತ ಬೇಡಿಕೆ ಕಳಿಸಿ. ಅದರಲ್ಲಿ ಸಿಟ್ಟಿಗಿಂತ ಲೆಕ್ಕ ಇರಲಿ: ಎಷ್ಟು ದಿನ, ದಿನಕ್ಕೆ ಎಷ್ಟು, ಬಂದದ್ದೆಷ್ಟು, ಬಾಕಿ ಎಷ್ಟು. ಒಂದು ವಾರದಲ್ಲಿ ಉತ್ತರ ಬರದಿದ್ದರೆ ಕಾರ್ಮಿಕ ಇಲಾಖೆಗೆ ದೂರು ಕೊಡಿ. ಹೆರಿಗೆ ಭತ್ಯೆ ತಡೆಹಿಡಿದ ದೂರನ್ನು ವಿಚಾರಿಸಿ ಕೊಡಿಸುವ ಅಧಿಕಾರ ಅಲ್ಲಿನ ಅಧಿಕಾರಿಗಳಿಗೆ ಇದೆ.

ದೂರಿನ ಜೊತೆ ರಜೆ ಮಂಜೂರಾದ ಮೇಲ್, ಹೆರಿಗೆಯ ದಾಖಲೆ ಮತ್ತು ಅದನ್ನು ಕಂಪನಿಗೆ ಕಳಿಸಿದ ದಿನಾಂಕದ ಪುರಾವೆ, ರಜೆಗೆ ಹಿಂದಿನ ಮೂರು ತಿಂಗಳ ಸಂಬಳದ ಸ್ಲಿಪ್, ರಾಜೀನಾಮೆ ಪತ್ರ ಮತ್ತು ಅದಕ್ಕೆ ಬಂದ ಉತ್ತರ ಇಡಿ. ಸ್ಲಿಪ್‌ಗಳನ್ನು ಕಂಪನಿಯ ಪೋರ್ಟಲ್ ಮುಚ್ಚುವ ಮೊದಲೇ ಇಳಿಸಿಟ್ಟುಕೊಳ್ಳಿ. ದೂರು ಕೊಡಲು ಹೋದ ದಿನ ಮೊದಲು ಕೇಳುವುದು ಅವನ್ನೇ.